ಒರೆಗಾನ್ ಲಾಟರಿ: ಈ 0.41 ಅನ್ನುವುದು ಯಾರ ಲೆಕ್ಕ?

ತುಮಕೂರು_ಅಂಕಿ

ಅಮೆರಿಕದ ಒರೆಗಾನ್ ರಾಜ್ಯದ ಮೆಡಿಕೇಡ್ ಲಾಟರಿ ಬಗ್ಗೆ ಓದುತ್ತಿದ್ದೇನೆ, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಮೊದಲು ಕತೆ ಹೇಳಿಬಿಡುತ್ತೇನೆ. 2008ರಲ್ಲಿ ಅಲ್ಲಿನ ಸರ್ಕಾರದ ಹತ್ತಿರ ಬಡವರ ಆರೋಗ್ಯ ವಿಮೆಗೆ ಇನ್ನೂ ಸುಮಾರು 10,000 ಜನರನ್ನು ಸೇರಿಸಿಕೊಳ್ಳುವಷ್ಟು ದುಡ್ಡಿತ್ತು. ಹೆಸರು ಬರೆಸಿದವರು ಸುಮಾರು 90,000. ಹಾಗಾಗಿ ಲಾಟರಿ ಎತ್ತಿದರು. ಇದು ಸಂಶೋಧಕರಿಗೆ ಹಬ್ಬ, ಯಾಕಂದ್ರೆ ಯಾರಿಗೆ ಅವಕಾಶ ಸಿಕ್ಕಿತು ಅನ್ನುವುದು ಬರೀ ಅದೃಷ್ಟ.

ಈ ಲಾಟರಿಯನ್ನೇ ಇನ್‌ಸ್ಟ್ರುಮೆಂಟ್ ಮಾಡಿಕೊಂಡು, ಅಂದರೆ ಲಾಟರಿಯ ಅದೃಷ್ಟದಿಂದ ವಿಮೆಯಲ್ಲಿ ಆದ ಬದಲಾವಣೆಯನ್ನು ಮಾತ್ರ ಹಿಡಿದುಕೊಂಡು, ಪೋರ್ಟ್‌ಲ್ಯಾಂಡ್ ಸುತ್ತಲಿನ ಆಸ್ಪತ್ರೆಗಳ ದಾಖಲೆ ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ಅದರ ಪ್ರಕಾರ ವಿಮೆಯಿಂದ ಎಮರ್ಜೆನ್ಸಿಗೆ ಹೋಗುವುದು ಸುಮಾರು 18 ತಿಂಗಳಲ್ಲಿ ತಲಾ 0.41 ಸಲ ಜಾಸ್ತಿಯಾಯಿತು. ಲಾಟರಿ ಹತ್ತದವರ ಸರಾಸರಿ 1.02 ಸಲ, ಅಂದರೆ ಶೇ 40ರಷ್ಟು ಏರಿಕೆ.

ನನ್ನ ಪ್ರಶ್ನೆ ಇಷ್ಟೇ. ಈ "ತಲಾ" ಅಂದರೆ ಯಾರ ತಲೆ? ಹೆಸರು ಬರೆಸಿದ ಎಲ್ಲರದ್ದಾ, ಗೆದ್ದವರದ್ದಾ, ವಿಮೆ ತಗೊಂಡವರದ್ದಾ? ವಿಮೆಯ ಪರಿಣಾಮ ಎಲ್ಲರ ಮೇಲೂ ಒಂದೇ ಥರ ಇದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ, ಅದು ಗೊತ್ತು. ಆದರೆ ಹಾಗೆ ಇರುವುದಿಲ್ಲ ಅಲ್ವಾ.

ರಿಗ್ರೆಶನ್_ರಾಜ

ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಲಾಟರಿ ಪೂರ್ತಿ ರ್‍ಯಾಂಡಮ್. ಗೆದ್ದ ಗುಂಪು, ಸೋತ ಗುಂಪು ಎರಡೂ ಒಂದೇ ಥರದ ಜನ. ಗೆದ್ದವರೆಲ್ಲ ವಿಮೆ ತಗೊಳ್ಳಲಿಲ್ಲ, ಅದಕ್ಕೇ ಬಂದ ವ್ಯತ್ಯಾಸವನ್ನು ಹಿಗ್ಗಿಸಬೇಕು, ಭಾಗಿಸುವುದು ಅದಕ್ಕೆ. ಅಷ್ಟೇ. ಹಿಗ್ಗಿಸಿದ ಮೇಲೆ ಸಿಗುವುದು ಆ ಬಡವರ ಮೇಲೆ ವಿಮೆಯ ಸರಾಸರಿ ಪರಿಣಾಮ. ಫಸ್ಟ್ ಸ್ಟೇಜ್, ಅಂದರೆ ಲಾಟರಿಗೂ ವಿಮೆಗೂ ಇರುವ ನಂಟು, ಅದು ಕೂಡ ಇಲ್ಲಿ ಭಯಂಕರ ಗಟ್ಟಿ, ಹಾಗಾಗಿ ದುರ್ಬಲ ಇನ್‌ಸ್ಟ್ರುಮೆಂಟ್ ತಕರಾರೂ ಇಲ್ಲ.

ಹಳೇ_ಮೇಷ್ಟ್ರು

ರಾಜ ಅವರು ಭಾಗಾಕಾರ ಸರಿಯಾಗಿ ಹೇಳಿದರು, ಉತ್ತರದ ಮೇಲೆ ಅಂಟಿಸಿದ ಚೀಟಿ ಸರಿಯಿಲ್ಲ. ರ್‍ಯಾಂಡಮ್ ಆಗಿದ್ದು ಲಾಟರಿ. ವಿಮೆ ಅಲ್ಲ. ಲಾಟರಿ ಗೆದ್ದ ಮೇಲೆ ವಿಮೆ ಆಯಿತೋ ಇಲ್ಲವೋ ಅನ್ನುವುದು ಆ ಮನುಷ್ಯನ ಮೇಲೆ, ಅವನ ಆದಾಯದ ಮೇಲೆ, ಅವನ ಕಾಯಿಲೆಯ ಮೇಲೆ ನಿಂತಿದೆ.

ಒರೆಗಾನ್‌ನಲ್ಲಿ ನಡೆದದ್ದು ಹೀಗೆ. ಸೋತವರಲ್ಲೂ ನೂರಕ್ಕೆ ಸುಮಾರು 15 ಜನರಿಗೆ ಬೇರೆ ದಾರಿಯಲ್ಲಿ ಮೆಡಿಕೇಡ್ ಸಿಕ್ಕಿತು, ಗರ್ಭಿಣಿಯರು, ಅಂಗವಿಕಲರು, ಹೀಗೆ. ಗೆದ್ದವರಲ್ಲಿ ಅದು ಸುಮಾರು 40. ಅಂದರೆ ಲಾಟರಿಯಿಂದ ಬದಲಾದದ್ದು ನೂರಕ್ಕೆ 25 ಜನರ ಸ್ಥಿತಿ ಮಾತ್ರ. ಈಗ ಜನರನ್ನು ಮೂರು ಥರ ಮಾಡಿ. ಲಾಟರಿ ಹತ್ತಲಿ ಬಿಡಲಿ ಹೇಗೂ ವಿಮೆ ಪಡೆಯುತ್ತಿದ್ದವರು 15. ಹತ್ತಿದರೂ ಪಡೆಯದೆ ಉಳಿಯುತ್ತಿದ್ದವರು 60. ಹತ್ತಿದರೆ ಮಾತ್ರ ಪಡೆಯುತ್ತಿದ್ದವರು 25. ಈ ಕೊನೆಯವರನ್ನು ಪುಸ್ತಕಗಳಲ್ಲಿ ಕಂಪ್ಲೈಯರ್ ಅನ್ನುತ್ತಾರೆ.

ಗೆದ್ದವರ ಸರಾಸರಿಯಿಂದ ಸೋತವರ ಸರಾಸರಿ ಕಳೆಯಿರಿ. ಮೊದಲ ಗುಂಪಿನವರಿಗೆ ಎರಡೂ ಕಡೆ ವಿಮೆ ಇದೆ, ಹಾಗಾಗಿ ಅವರಿಂದ ವ್ಯತ್ಯಾಸ ಸೊನ್ನೆ. ಎರಡನೆಯವರಿಗೆ ಎರಡೂ ಕಡೆ ಇಲ್ಲ, ಅವರಿಂದಲೂ ಸೊನ್ನೆ. ಉಳಿದ ವ್ಯತ್ಯಾಸ ಪೂರ್ತಿ ಆ 25 ಜನರದ್ದು. ವ್ಯತ್ಯಾಸ ಸುಮಾರು 0.10 ಸಲ. ಅದನ್ನು 0.25ರಿಂದ ಭಾಗಿಸಿದರೆ 0.4 ಚಿಲ್ಲರೆ. ಹಾಗಾಗಿ 0.41 ಅನ್ನುವುದು ಆ 25 ಜನರ ಸರಾಸರಿ. ಉಳಿದ 75 ಜನರ ಮೇಲೆ ವಿಮೆ ಏನು ಮಾಡುತ್ತದೆ ಅನ್ನುವುದು ಈ ಲೆಕ್ಕದೊಳಗೆ ಎಲ್ಲೂ ಬಂದೇ ಇಲ್ಲ. ಅರ್ಥಶಾಸ್ತ್ರಜ್ಞರಾದ ಇಂಬೆನ್ಸ್ ಮತ್ತು ಆಂಗ್ರಿಸ್ಟ್ 1994ರಲ್ಲಿ ತೋರಿಸಿದ್ದು ಇದನ್ನೇ. ಇದಕ್ಕೆ ಲೋಕಲ್ ಆವರೇಜ್ ಟ್ರೀಟ್‌ಮೆಂಟ್ ಎಫೆಕ್ಟ್ ಅಂತ ಹೆಸರಿಟ್ಟರು, ಎಲ್ಲರೂ ಲೇಟ್ ಅಂತಲೇ ಕರೆಯುತ್ತಾರೆ.

ಫಸ್ಟ್ ಸ್ಟೇಜ್ ಎಷ್ಟು ಗಟ್ಟಿ ಇದ್ದರೂ ಇದು ಬದಲಾಗುವುದಿಲ್ಲ. ಗಟ್ಟಿ ಇದ್ದರೆ ಆ 25 ಜನರ ಸರಾಸರಿ ಚೆನ್ನಾಗಿ ಅಳೆಯಬಹುದು. ಇನ್ಯಾರದ್ದೋ ಸರಾಸರಿ ಆಗಿಬಿಡುವುದಿಲ್ಲ.

ರಿಗ್ರೆಶನ್_ರಾಜ

ಸರ್, ಆ 25 ಜನ ಉಳಿದವರ ಥರವೇ ಇದ್ದರೆ ನನ್ನ ಮಾತೇ ಸರಿ ಆಯಿತಲ್ಲ. ಎಲ್ಲರೂ ಒಂದೇ ಪಟ್ಟಿಯಲ್ಲಿ ಹೆಸರು ಬರೆಸಿದ ಬಡವರೇ ತಾನೇ.

ಹಳೇ_ಮೇಷ್ಟ್ರು

ಇದ್ದರೆ ಸರಿ. ಆ "ಇದ್ದರೆ" ಎಲ್ಲಿಂದ ತರುತ್ತೀರಿ ಅನ್ನುವುದೇ ಪ್ರಶ್ನೆ. ಲಾಟರಿಯಂತೂ ಅದನ್ನು ಕೊಡುವುದಿಲ್ಲ.

ತುಮಕೂರು_ಅಂಕಿ

ಮೇಷ್ಟ್ರೇ, ಭಾಗಾಕಾರ ಈಗ ಅರ್ಥವಾಯಿತು. ಆದರೆ ಗೆದ್ದೂ ವಿಮೆ ಇಲ್ಲದ 60 ಜನ ಅಂದರೆ ನಂಬಲು ಕಷ್ಟ. ತಾವಾಗಿಯೇ ಹೆಸರು ಬರೆಸಿ, ಲಾಟರಿ ಹತ್ತಿ, ಆಮೇಲೆ ಬೇಡ ಅಂದರಾ?

ಹಳೇ_ಮೇಷ್ಟ್ರು

ಬೇಡ ಅಂದವರು ಕೆಲವರು, ಸಿಗದೆ ಹೋದವರು ಕೆಲವರು. ಲಾಟರಿ ಗೆದ್ದರೆ ಸಿಗುತ್ತಿದ್ದದ್ದು ವಿಮೆ ಅಲ್ಲ, ಅರ್ಜಿ ಹಾಕುವ ಅವಕಾಶ. 45 ದಿನದೊಳಗೆ ಅರ್ಜಿ ತುಂಬಿ ವಾಪಸ್ ಕಳಿಸಬೇಕಿತ್ತು. ಹಾಗೆ ಕಳಿಸಿದವರು ನೂರಕ್ಕೆ ಸುಮಾರು 60 ಮಾತ್ರ. ಅವರಲ್ಲೂ ಸುಮಾರು ಅರ್ಧ ಜನ ಅರ್ಹರಲ್ಲ ಅಂತ ಬಿದ್ದುಹೋದರು, ಮುಖ್ಯವಾಗಿ ಆದಾಯ ಬಡತನ ರೇಖೆಗಿಂತ ಮೇಲಿತ್ತು ಅಂತ. ಹಾಗಾಗಿ "ಏನೇ ಆದರೂ ಪಡೆಯದವರು" ಅನ್ನುವ ಗುಂಪಿನಲ್ಲಿ ಸೋಮಾರಿಯೂ ಇದ್ದಾನೆ, ವಿಳಾಸ ಬದಲಾಗಿ ಕಾಗದ ಕೈಸೇರದವನೂ ಇದ್ದಾನೆ, ಆರೋಗ್ಯವಾಗಿರುವುದರಿಂದ ಅವಸರವಿಲ್ಲದವನೂ ಇದ್ದಾನೆ, ಸ್ವಲ್ಪ ಜಾಸ್ತಿ ದುಡಿಯುವವನೂ ಇದ್ದಾನೆ. ಇವರನ್ನೆಲ್ಲ ಒಂದೇ ಹಣೆಪಟ್ಟಿಯಡಿ ತಂದದ್ದು ಇವರ ಸ್ವಭಾವವಲ್ಲ, ಈ ಲಾಟರಿಯ ನಿಯಮ. 45 ದಿನದ ಬದಲು 6 ತಿಂಗಳು ಕೊಟ್ಟಿದ್ದರೆ ಅದೇ ಜನರಲ್ಲಿ ಕೆಲವರು ಮೂರನೇ ಗುಂಪಿಗೆ ಬರುತ್ತಿದ್ದರು, ಸರಾಸರಿಯೂ ಬದಲಾಗಬಹುದಿತ್ತು. ವಿಮೆ ಅದೇ, ಊರು ಅದೇ, ಅಂಕಿ ಬೇರೆ. ಇಷ್ಟು ಮನಸ್ಸಿಗೆ ಇಳಿದರೆ ಲೇಟ್ ಅರ್ಥವಾದ ಹಾಗೆಯೇ.

ಕೋಡ್_ಕುಸುಮ

ಒಳ್ಳೇ ಚರ್ಚೆ. ನಮ್ಮ ಕೆಲಸದಲ್ಲೂ ಇದೇ ಬಂದಿದೆ, ಕೇಳಿಬಿಡುತ್ತೇನೆ. ಮಕ್ಕಳ ಗಣಿತ ಕಲಿಕೆಯ ಆ್ಯಪ್ ನಮ್ಮದು. ಅರ್ಧ ಬಳಕೆದಾರರಿಗೆ ರ್‍ಯಾಂಡಮ್ ಆಗಿ ಹೊಸ ಅಭ್ಯಾಸ ವಿಭಾಗ ತೆರೆದೆವು, ಉಳಿದ ಅರ್ಧಕ್ಕೆ ಅದು ಕಾಣಿಸುವುದೇ ಇಲ್ಲ. ತೆರೆದವರಲ್ಲಿ ಶೇ 30ರಷ್ಟು ಮಾತ್ರ ಬಳಸಿದರು. ಐವಿ, ಅಂದರೆ ಇದೇ ಇನ್‌ಸ್ಟ್ರುಮೆಂಟ್ ಲೆಕ್ಕ ಹಾಕಿದಾಗ ಬಂದ ಅಂಕಿ ಕಂಪ್ಲೈಯರ್‌ಗಳದ್ದು ಅಂತಾದರೆ, ಬಳಸಿದವರ ಪಟ್ಟಿ ನನ್ನ ಹತ್ತಿರ ಇದೆಯಲ್ಲ, ಅವರೇ ಕಂಪ್ಲೈಯರ್‌ಗಳು ತಾನೇ? ಒರೆಗಾನ್‌ನಲ್ಲೂ ಹಾಗೇ ಗೆದ್ದು ವಿಮೆ ಪಡೆದವರನ್ನು ಪಟ್ಟಿ ಮಾಡಿ ಅವರು ಎಂಥವರು ಅಂತ ನೋಡಿಬಿಡಬಹುದಲ್ಲ?

ಹಳೇ_ಮೇಷ್ಟ್ರು

ನಿಮ್ಮ ಆ್ಯಪ್‌ನಲ್ಲಿ ಹೌದು, ಒರೆಗಾನ್‌ನಲ್ಲಿ ಇಲ್ಲ. ನಿಮ್ಮಲ್ಲಿ ಬಾಗಿಲು ತೆರೆಯದವರಿಗೆ ಒಳಗೆ ಬರುವ ದಾರಿಯೇ ಇಲ್ಲ. ಹಾಗಾಗಿ "ಹೇಗೂ ಪಡೆಯುವವರು" ಅನ್ನುವ ಗುಂಪೇ ಇಲ್ಲ. ಬಳಸಿದ ಪ್ರತಿಯೊಬ್ಬರೂ ಕಂಪ್ಲೈಯರ್. ಆಗ ಲೇಟ್ ಅಂದರೂ ಒಂದೇ, ಬಳಸಿದವರ ಮೇಲಿನ ಸರಾಸರಿ ಪರಿಣಾಮ ಅಂದರೂ ಒಂದೇ. ಆದರೆ ಬಳಸದ ಶೇ 70 ಜನರಿಗೆ ಒತ್ತಾಯ ಮಾಡಿ ಬಳಸಿಸಿದರೆ ಏನಾಗುತ್ತದೆ ಅನ್ನುವುದು ನಿಮಗೂ ಗೊತ್ತಿಲ್ಲ. ನಿಮ್ಮ ಮ್ಯಾನೇಜರ್ ಮುಂದೆ ಕೇಳುವುದು ಅದನ್ನೇ ಅಂತ ನನ್ನ ಊಹೆ.

ಒರೆಗಾನ್‌ನಲ್ಲಿ ಗೆದ್ದು ವಿಮೆ ಪಡೆದ 40 ಜನರಲ್ಲಿ 15 ಜನ ಹೇಗೂ ಪಡೆಯುತ್ತಿದ್ದವರು. ಮುಖ ನೋಡಿ ಯಾರು ಯಾವ ಗುಂಪು ಅಂತ ಹೇಳಲು ಬರುವುದಿಲ್ಲ. ಆದರೆ ಸರಾಸರಿ ಮಾತ್ರ ಬಿಡಿಸಿ ತೆಗೆಯಬಹುದು. ಅಧ್ಯಯನದ ನಿಜವಾದ ಅಂಕಿಗಳಲ್ಲ, ಹತ್ತಿರಹತ್ತಿರ ಇರುವ ಹಾಗೆ ನಾನೇ ಇಟ್ಟುಕೊಂಡ ಅಂಕಿಗಳಲ್ಲಿ ತೋರಿಸುತ್ತೇನೆ.

ಸೋತರೂ ವಿಮೆ ಇದ್ದವರು ಬರೀ "ಹೇಗೂ" ಗುಂಪು, ಅವರ ಸರಾಸರಿ 1.9 ಸಲ ಅಂತಿರಲಿ. ಗೆದ್ದು ವಿಮೆ ಇದ್ದವರ ಸರಾಸರಿ 1.6. ಇದರಲ್ಲಿ 15 ಮತ್ತು 25 ಕಲಸಿದೆ.

```
(40 × 1.60 − 15 × 1.90) / 25 = 1.42
```

ಇದು ವಿಮೆ ಇದ್ದಾಗ ಕಂಪ್ಲೈಯರ್‌ಗಳ ಸರಾಸರಿ. ಈಗ ಆ ಕಡೆ. ಗೆದ್ದರೂ ವಿಮೆ ಇಲ್ಲದವರು ಬರೀ ಎರಡನೇ ಗುಂಪು, ಅವರದ್ದು 0.85 ಅಂತಿರಲಿ. ಸೋತು ವಿಮೆ ಇಲ್ಲದವರು 85 ಜನ, ಅವರಲ್ಲಿ 60 ಮತ್ತು 25 ಕಲಸಿದೆ, ಸರಾಸರಿ 0.90.

```
(85 × 0.90 − 60 × 0.85) / 25 = 1.02
```

ಇದು ವಿಮೆ ಇಲ್ಲದಾಗ ಅದೇ ಕಂಪ್ಲೈಯರ್‌ಗಳ ಸರಾಸರಿ. 1.42ರಲ್ಲಿ 1.02 ಕಳೆದರೆ 0.40. ಗೆದ್ದವರ ಒಟ್ಟು ಸರಾಸರಿ 1.15, ಸೋತವರದ್ದು 1.05, ವ್ಯತ್ಯಾಸ 0.10, ಅದನ್ನು 0.25ರಿಂದ ಭಾಗಿಸಿದರೂ 0.40. ಎರಡು ದಾರಿ, ಒಂದೇ ಉತ್ತರ. ಎಮರ್ಜೆನ್ಸಿ ಭೇಟಿಯ ಜಾಗದಲ್ಲಿ ವಯಸ್ಸು ಹಾಕಿ, ಹಳೇ ಕಾಯಿಲೆ ಹಾಕಿ, ಇದೇ ಕಳೆಯುವ ಲೆಕ್ಕದಲ್ಲಿ ಕಂಪ್ಲೈಯರ್‌ಗಳು ಎಂಥವರು ಅಂತ ಸಿಗುತ್ತದೆ, ಒಬ್ಬರ ಹೆಸರೂ ಗೊತ್ತಿಲ್ಲದೆ.

ಕೋಡ್_ಕುಸುಮ

ಇದು ಚೆನ್ನಾಗಿದೆ. ಮ್ಯಾನೇಜರ್ ಊಹೆಯೂ ಸರಿಯಾಗಿದೆ, ಕಳೆದ ಮೀಟಿಂಗ್‌ನಲ್ಲೇ ಕೇಳಿದರು.

ಇನ್ನೊಂದು. ಒರೆಗಾನ್ ಥರದ ಡೇಟಾಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ, ಕಾಲಂ ಹೆಸರುಗಳು ನನ್ನವು:

```r
library(fixest)
feols(ed_visits ~ 1 | hh_size | medicaid ~ lottery,
      data = d, cluster = ~household_id)
```

ಮನೆಯ ಗಾತ್ರ ಹಾಕಿದ್ದು ಯಾಕಂದ್ರೆ ಮನೆಯಲ್ಲಿ ಒಬ್ಬರ ಹೆಸರು ಬಂದರೂ ಉಳಿದವರೂ ಅರ್ಜಿ ಹಾಕಬಹುದಿತ್ತು. ಪಟ್ಟಿಯಲ್ಲಿ ಮೂವರಿದ್ದ ಮನೆಗೆ ಅವಕಾಶ ಜಾಸ್ತಿ. ಅದನ್ನು ಬಿಟ್ಟರೆ ಲಾಟರಿ ರ್‍ಯಾಂಡಮ್ ಅಂತ ಹೇಳಲು ಬರುವುದಿಲ್ಲ.

ಹಳೇ_ಮೇಷ್ಟ್ರು

ಸರಿಯಾಗಿದೆ. ಮನೆಯ ಗಾತ್ರ ಹಾಕಿದಾಗ ಒಂದು ಸೂಕ್ಷ್ಮ ಬರುತ್ತದೆ. ಒಬ್ಬರೇ ಇರುವ ಮನೆಗಳಿಗೆ ಒಂದು ಲೇಟ್, ಇಬ್ಬರಿರುವ ಮನೆಗಳಿಗೆ ಇನ್ನೊಂದು. ನಿಮ್ಮ ಕೋಡ್ ಓಡಿಸುವ ಐವಿ ವಿಧಾನ, ಟೂ ಸ್ಟೇಜ್ ಲೀಸ್ಟ್ ಸ್ಕ್ವೇರ್ಸ್, ಇವನ್ನು ತನ್ನದೇ ತೂಕದಲ್ಲಿ ಬೆರೆಸುತ್ತದೆ. ನೀವು ಬರೆದ ಕೋಡ್‌ನಲ್ಲಿ ಎಲ್ಲ ಗಾತ್ರಕ್ಕೂ ಫಸ್ಟ್ ಸ್ಟೇಜ್ ಒಂದೇ. ಆ ತೂಕ ನಿಂತಿರುವುದು ಆ ಗಾತ್ರದ ಮನೆಯವರು ಎಷ್ಟು ಜನ, ಅವರಲ್ಲಿ ಗೆದ್ದವರು ಸೋತವರು ಎಷ್ಟು ಸಮನಾಗಿದ್ದಾರೆ, ಲಾಟರಿಯಿಂದ ಎಷ್ಟು ಜನ ಅಲುಗಿದರು ಅನ್ನುವುದರ ಮೇಲೆ. ಹಾಗಾಗಿ ಬರುವ ಅಂಕಿ ಎಲ್ಲ ಕಂಪ್ಲೈಯರ್‌ಗಳ ಸೀದಾ ಸರಾಸರಿ ಅಲ್ಲ. ಬಹಳ ವ್ಯತ್ಯಾಸ ಆಗದಿರಬಹುದು, ಆದರೆ ಬೇರೆಬೇರೆ ಗಾತ್ರಕ್ಕೆ ಬೇರೆಬೇರೆ ಓಡಿಸಿ ನೋಡುವುದು ಒಳ್ಳೆಯದು.

ಡಾಕ್ಟರ್_ಮಂಗಳೂರು

ನಾನು ಎಮರ್ಜೆನ್ಸಿಯಲ್ಲೇ ಕೆಲಸ ಮಾಡುವವನು. ಒಂದು ವಿಷಯ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ವಿಮೆ ಇಲ್ಲದವನು ಆಸ್ಪತ್ರೆಗೆ ಬಂದರೆ, ಅವನಿಗೆ ಮೆಡಿಕೇಡ್ ಸಿಗುತ್ತದಾ ಅಂತ ಆಸ್ಪತ್ರೆಯವರೇ ನೋಡಿ ಅರ್ಜಿ ಹಾಕಿಸುತ್ತಾರೆ. ಅಂದರೆ ಆ 15 ಜನರಲ್ಲಿ ಕೆಲವರಿಗೆ ವಿಮೆ ಬಂದದ್ದೇ ಎಮರ್ಜೆನ್ಸಿಗೆ ಬಂದದ್ದರಿಂದ. ಅವರ ಭೇಟಿಗಳು ಜಾಸ್ತಿ ಇರುವುದರಲ್ಲಿ ಆಶ್ಚರ್ಯವೇನಿದೆ. ವಿಮೆ ಇದ್ದವರನ್ನೂ ಇಲ್ಲದವರನ್ನೂ ಸುಮ್ನೆ ಹೋಲಿಸಿದರೆ ವಿಮೆಯೇ ಜನರನ್ನು ಆಸ್ಪತ್ರೆಗೆ ಓಡಿಸುತ್ತದೆ ಅಂತ ಕಾಣುತ್ತದೆ.

ಹಾಗಾದರೆ ಈ 0.41ರಲ್ಲೂ ಅದು ನುಸುಳಿಲ್ಲವಾ?

ಹಳೇ_ಮೇಷ್ಟ್ರು

ಡಾಕ್ಟ್ರೇ, ಬಹಳ ಒಳ್ಳೇ ಮಾತು. ಆ 15 ಜನ ಎರಡೂ ಕಡೆ ಸಮನಾಗಿ ಇದ್ದಾರೆ, ಕಳೆಯುವಾಗ ಹೊರಟುಹೋಗುತ್ತಾರೆ. ಹಾಗಾಗಿ 0.41ರೊಳಗೆ ಅವರಿಲ್ಲ.

ಆದರೆ ಇನ್ನೊಂದು ಬಾಗಿಲು ಇದೆ, ಅದನ್ನು ನೋಡಿಕೊಳ್ಳಬೇಕು. ಲಾಟರಿ ಎಮರ್ಜೆನ್ಸಿಯನ್ನು ಮುಟ್ಟುವುದು ವಿಮೆಯ ಮೂಲಕ ಮಾತ್ರ ಅಂತ ನಾವು ನಂಬಿದ್ದೇವೆ. ಅದೇ ಸಂಶೋಧಕರ ತಂಡ ಆಮೇಲೆ ನೋಡಿದಾಗ ಆಹಾರ ನೆರವು ಪಡೆಯುವುದೂ ಜಾಸ್ತಿಯಾಗಿತ್ತು. ವಿಮೆ ಪಡೆದವರಿಗೆ ಅದು ವಿಮೆಯ ಜೊತೆಗೇ ಬಂದಿದ್ದರೆ, "ಮೆಡಿಕೇಡ್‌ಗೆ ಸೇರುವುದು" ಅನ್ನುವುದರ ಅರ್ಥವನ್ನೇ ಸ್ವಲ್ಪ ಅಗಲ ಮಾಡಿಕೊಂಡರೆ ಆಯಿತು. ಆದರೆ ಅರ್ಜಿ ಹಾಕಿ, ವಿಮೆ ಸಿಗದೆ, ಆ ಓಡಾಟದಲ್ಲಿ ಆಹಾರ ನೆರವು ಮಾತ್ರ ಸಿಕ್ಕವರು ಇದ್ದರೆ ಕಷ್ಟ. ಅವರು 60ರ ಗುಂಪಿನವರು. ಅವರಿಂದ ವ್ಯತ್ಯಾಸ ಸೊನ್ನೆ ಅಂತ ಹೇಳಿದ್ದೆವು, ಈಗ ಸೊನ್ನೆ ಆಗುವುದಿಲ್ಲ. ಆ ಚೂರೂ 0.25ರಿಂದ ಭಾಗವಾಗಿ ನಾಲ್ಕು ಪಟ್ಟು ದೊಡ್ಡದಾಗಿ ಕಂಪ್ಲೈಯರ್‌ಗಳ ತಲೆಗೆ ಬೀಳುತ್ತದೆ. ಸೋತವರ ಕಡೆ ಈ 60 ಜನ ಯಾರು ಅಂತ ಬೇರೆ ಮಾಡಲು ಬರುವುದಿಲ್ಲವಾದ್ದರಿಂದ ಇದನ್ನು ನೇರವಾಗಿ ಪರೀಕ್ಷಿಸಲೂ ಆಗದು.

ರಿಗ್ರೆಶನ್_ರಾಜ

ಲಾಟರಿ ಹತ್ತಿದ್ದಕ್ಕೇ ವಿಮೆ ಬಿಟ್ಟವರು ಇರಬಾರದು ಅನ್ನುವ ಷರತ್ತೂ ಇದೆಯಲ್ಲ? ಪುಸ್ತಕದಲ್ಲಿ ನಾಲ್ಕನೇ ಗುಂಪು ಅಂತ ಓದಿದ ನೆನಪು.

ಹಳೇ_ಮೇಷ್ಟ್ರು

ಇದೆ. ಒರೆಗಾನ್‌ನಲ್ಲಿ ಅಂಥವರನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಸೋತಿದ್ದರೆ ಮೆಡಿಕೇಡ್ ಪಡೆಯುತ್ತಿದ್ದವನು ಗೆದ್ದದ್ದಕ್ಕೆ ಯಾಕೆ ಬಿಡುತ್ತಾನೆ? ಆದರೆ ಎಲ್ಲ ಕಡೆ ಹೀಗಿರುವುದಿಲ್ಲ. ಆರೋಪಿಯ ಕೇಸು ಯಾವ ನ್ಯಾಯಾಧೀಶರ ಮುಂದೆ ಬಂತು ಅನ್ನುವುದನ್ನು ಇನ್‌ಸ್ಟ್ರುಮೆಂಟ್ ಮಾಡುವ ಅಧ್ಯಯನಗಳಿವೆ. ಒಬ್ಬರು ಕಟ್ಟುನಿಟ್ಟು, ಒಬ್ಬರು ಮೃದು ಅಂತ ಹಿಡಿಯುತ್ತಾರೆ. ಒಟ್ಟಾರೆ ಕಟ್ಟುನಿಟ್ಟಿನವರು ಮಾದಕ ವಸ್ತುವಿನ ಕೇಸಲ್ಲಿ ಮಾತ್ರ ಮೃದುವಾದರೆ ಆ ನಾಲ್ಕನೇ ಗುಂಪು ಬಂದೇ ಬಿಡುತ್ತದೆ, ಅವರ ಪರಿಣಾಮ ಮೈನಸ್ ಚಿಹ್ನೆಯೊಂದಿಗೆ ಸೇರುತ್ತದೆ. ಎಲ್ಲರಿಗೂ ಒಳ್ಳೆಯದಾಗಿದ್ದರೂ ಅಂಕಿ ಮೈನಸ್ ಬರುವುದು ಸಾಧ್ಯ.

ಬೋಸ್ಟನ್_ಕನ್ನಡಿಗ

ಮ್ಯಾಸಚೂಸೆಟ್ಸ್‌ನಲ್ಲಿ ಇದ್ದುಕೊಂಡು ಸುಮ್ಮನಿರಲು ಆಗಲಿಲ್ಲ. 2006ರಲ್ಲಿ ಇಲ್ಲಿ ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ ಅಂತ ಕಾನೂನು ಬಂತು. ಆಮೇಲೆ ಇಲ್ಲಿ ಎಮರ್ಜೆನ್ಸಿ ಬಳಕೆ ಕಡಿಮೆಯಾಯಿತು ಅಂತ ಒಂದು ಅಧ್ಯಯನ ತೋರಿಸಿತು. ಒರೆಗಾನ್‌ನಲ್ಲಿ ಏರಿತು ಅನ್ನುತ್ತೀರಿ. ಎರಡರಲ್ಲಿ ಒಂದು ತಪ್ಪು, ಅಥವಾ ಈ ಐವಿ ವಿಧಾನವೇ ಬೇಕಾದ ಉತ್ತರ ತರಿಸಿಕೊಳ್ಳುವ ಆಟ.

ಹಳೇ_ಮೇಷ್ಟ್ರು

ಎರಡೂ ಸರಿ ಇರಬಹುದು. ಒರೆಗಾನ್‌ನಲ್ಲಿ ಒಳಗೆ ಬಂದವರು ತಾವಾಗಿ ಹೆಸರು ಬರೆಸಿ, ಅರ್ಜಿ ತುಂಬಿ ಬಂದವರು. ಮ್ಯಾಸಚೂಸೆಟ್ಸ್‌ನಲ್ಲಿ ದಂಡದ ಭಯಕ್ಕೆ ಬಂದವರೂ ಇದ್ದಾರೆ. ಅಂಥವರು ಒರೆಗಾನ್‌ನಲ್ಲಿದ್ದಿದ್ದರೆ ಹೆಸರನ್ನೇ ಬರೆಸುತ್ತಿರಲಿಲ್ಲ, ಅಥವಾ 60ರಲ್ಲಿ ಇರುತ್ತಿದ್ದರು. ಅರ್ಥಶಾಸ್ತ್ರಜ್ಞೆ ಅಮಾಂಡಾ ಕೊವಾಲ್ಸ್ಕಿ ಇದನ್ನೇ ಕೆದಕಿದ್ದಾರೆ. ಒರೆಗಾನ್ ಡೇಟಾದಲ್ಲೇ, ವಿಮೆ ಇದ್ದಾಗ "ಹೇಗೂ" ಗುಂಪಿನವರು ಕಂಪ್ಲೈಯರ್‌ಗಳಿಗಿಂತ ಜಾಸ್ತಿ ಎಮರ್ಜೆನ್ಸಿಗೆ ಹೋಗುತ್ತಾರೆ. ವಿಮೆ ಇಲ್ಲದಾಗ ಕಂಪ್ಲೈಯರ್‌ಗಳು ಎರಡನೇ ಗುಂಪಿಗಿಂತ ಜಾಸ್ತಿ ಹೋಗುತ್ತಾರೆ. ಮೇಲೆ ನಾನಿಟ್ಟ ಅಂಕಿಗಳಲ್ಲೂ ಅದೇ ಇಳಿಜಾರು ಇದೆ, ನೋಡಿ. ಈ ಇಳಿಜಾರನ್ನು ಮುಂದಕ್ಕೆ ಎಳೆದರೆ, ವಿಮೆಗೆ ಹಿಂದೇಟು ಹಾಕುವವರಲ್ಲಿ ವಿಮೆಯಿಂದ ಎಮರ್ಜೆನ್ಸಿ ಬಳಕೆ ಇಳಿಯುವುದು ಸಾಧ್ಯ ಅನ್ನುವುದು ಅವರ ವಾದ.

ಬೋಸ್ಟನ್_ಕನ್ನಡಿಗ

"ಮುಂದಕ್ಕೆ ಎಳೆದರೆ" ಅನ್ನುವಲ್ಲೇ ಇದೆಯಲ್ಲ ಸರ್ ಕೈಚಳಕ. ಎರಡನೇ ಗುಂಪಿನವರನ್ನು ವಿಮೆಯೊಂದಿಗೆ ಯಾರೂ ನೋಡಿಲ್ಲ. ಗೆರೆ ಸೀದಾ ಹೋಗುತ್ತದೆ ಅಂತ ಯಾರು ಹೇಳಿದರು? ಜೊತೆಗೆ ಇಲ್ಲಿನ ವಿಮೆ ಬೇರೆ, ವೈದ್ಯರು ಬೇರೆ, ಜನರ ಆದಾಯ ಬೇರೆ.

ಹಳೇ_ಮೇಷ್ಟ್ರು

ಗೆರೆ ಸೀದಾ ಅನ್ನುವುದು ಊಹೆಯೇ, ಒಪ್ಪುತ್ತೇನೆ. ಅವರೂ ಅದನ್ನು ಊಹೆ ಅಂತ ಹೇಳಿಯೇ ಮುಂದೆ ಹೋಗುತ್ತಾರೆ. ನನಗೆ ಅವರ ವಿವರಣೆ ಅರ್ಧಕ್ಕಿಂತ ಜಾಸ್ತಿ ನಂಬಿಕೆ ಬರುವಂತಿದೆ, ನಿಮಗೆ ಬರದಿದ್ದರೆ ಜಗಳವಿಲ್ಲ. ಆದರೆ "ಎರಡರಲ್ಲಿ ಒಂದು ತಪ್ಪು" ಅನ್ನುವುದು ಮಾತ್ರ ನಿಲ್ಲುವುದಿಲ್ಲ.

ಡಾಕ್ಟರ್_ಮಂಗಳೂರು

ಹಾಗಾದರೆ ಈ ಲೇಟ್‌ನಿಂದ ಏನು ಪ್ರಯೋಜನ? ಯಾರು ಅಂತ ಗುರುತಿಸಲಾಗದ 25 ಜನರ ಸರಾಸರಿ ಹಿಡಿದು ನಾನು ಯಾವ ರೋಗಿಗೆ ಏನು ಹೇಳಲಿ?

ಹಳೇ_ಮೇಷ್ಟ್ರು

ಒಬ್ಬ ರೋಗಿಗೆ ಏನೂ ಹೇಳಲಾರಿರಿ. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 2010ರಲ್ಲಿ ಹೆಚ್ಚುಕಡಿಮೆ ಇದೇ ತಕರಾರು ಎತ್ತಿದ್ದರು, ಇಂಬೆನ್ಸ್ ಅದೇ ವರ್ಷ ಉತ್ತರ ಕೊಟ್ಟರು. ನನ್ನ ಮಟ್ಟಿಗೆ ಇದು ಪ್ರಶ್ನೆಯ ಮೇಲೆ ನಿಂತಿದೆ. ಒರೆಗಾನ್ ಸರ್ಕಾರ ಅದೇ ನಿಯಮದಲ್ಲಿ ಇನ್ನಷ್ಟು ಹೆಸರು ಎತ್ತಬೇಕಾ ಅಂತ ಕೇಳಿದರೆ, ಒಳಗೆ ಬರುವವರು ಇಂಥದ್ದೇ ಕಂಪ್ಲೈಯರ್‌ಗಳು, 0.41 ನೇರವಾಗಿ ಉತ್ತರ ಕೊಡುತ್ತದೆ. ಅದೇ ಸರ್ಕಾರ 2014ರಲ್ಲಿ ಮಾಡಿದ ಹಾಗೆ ಲಾಟರಿ, ಪಟ್ಟಿ ಎರಡೂ ಇಲ್ಲದೆ ಬಾಗಿಲು ಅಗಲ ತೆರೆದರೆ ಏನಾಗುತ್ತದೆ ಅಂದರೆ, ಒಳಗೆ ಬರುವ ಜನ ಬೇರೆ, ಈ ಅಂಕಿ ಸಾಲದು.

ತುಮಕೂರು_ಅಂಕಿ

ನನ್ನ ಪ್ರಬಂಧದಲ್ಲಿ ಹೀಗೆ ಬರೆಯಲಾ: "ಲಾಟರಿಯಿಂದಾಗಿ ಮೆಡಿಕೇಡ್ ಪಡೆದವರಲ್ಲಿ ಎಮರ್ಜೆನ್ಸಿ ಭೇಟಿ ತಲಾ 0.41 ಹೆಚ್ಚಾಯಿತು."

ಹಳೇ_ಮೇಷ್ಟ್ರು

ಬರೆಯಿರಿ. ಅದರ ಮುಂದೆಯೇ ಇವರು ಪಟ್ಟಿಯ ನೂರಕ್ಕೆ ಸುಮಾರು 25 ಜನ ಅಂತ ಹಾಕಿ. "ಮೆಡಿಕೇಡ್ ಪಡೆದವರು" ಅಂದರೆ ಆ ಅವಧಿಯಲ್ಲಿ ಯಾವಾಗಲಾದರೂ ಸೇರಿದ್ದವರು ಅಂತಲೂ ಹೇಳಿ, ಮೂರು ತಿಂಗಳು ಇದ್ದವನೂ ಹದಿನೈದು ತಿಂಗಳು ಇದ್ದವನೂ ಅದರಲ್ಲಿ ಒಂದೇ ಲೆಕ್ಕ. ತಿಂಗಳ ಲೆಕ್ಕದಲ್ಲಿ ಭಾಗಿಸಿದರೆ ಅಂಕಿ ಬೇರೆ ಬರುತ್ತದೆ, ಅದರ ಅರ್ಥವೂ ಬೇರೆ.

ಕೋಡ್_ಕುಸುಮ

ಆ ತಿಂಗಳ ಲೆಕ್ಕದ್ದು ನನಗೂ ಬೇಕು. ನಮ್ಮಲ್ಲಿ ಒಂದು ಸಲ ತೆರೆದು ನೋಡಿದವರನ್ನೂ "ಬಳಸಿದವರು" ಅಂತಲೇ ಎಣಿಸಿದ್ದಾರೆ. ಬೇರೆ ಎಳೆ ಶುರು ಮಾಡುತ್ತೇನೆ.